ಸಹಾಯ ಬೇಕು: ಚಿತ್ರದಿಂದ ಛಾಯಾಗ್ರಾಹಕರ ಹೆಸರು ತೆಗೆಯಬಹುದೇ?

ನಮ್ಮೂರಿನ ಶಾಲೆಯ ಶತಮಾನೋತ್ಸವದ ಸ್ಮರಣ ಸಂಚಿಕೆಗೆ ಪುಟವಿನ್ಯಾಸ ಮಾಡುತ್ತಿದ್ದೇನೆ. ಮುಖಪುಟಕ್ಕೆ ಆರಿಸಿರುವ ಶಾಲಾ ಕಟ್ಟಡದ ಚಿತ್ರದ ಬಲ ಮೂಲೆಯಲ್ಲಿ, ಹೆಂಚಿನ ಮಾಡಿನ ಅಂಚಿಗೇ, ಛಾಯಾಗ್ರಾಹಕರ ಹೆಸರು ತೆಳುವಾಗಿ ಮೂಡಿದೆ. ಸಮಿತಿಯವರು ಅದನ್ನು ಕತ್ತರಿಸಿಬಿಡಿ ಎನ್ನುತ್ತಿದ್ದಾರೆ. "ದುಡ್ಡು ಕೊಟ್ಟು ತೆಗೆಸಿದ್ದೇವೆ, ಚಿತ್ರ ನಮ್ಮದು" ಎಂಬುದು ಅವರ ವಾದ.

ಅದು ಪೂರ್ತಿ ತಪ್ಪಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನಂತೆ, ಬೇರೆ ಒಪ್ಪಂದವಿಲ್ಲದಿದ್ದರೆ ಹಣ ಕೊಟ್ಟು ತೆಗೆಸಿದ ಚಿತ್ರದ ಹಕ್ಕು ತೆಗೆಸಿದವರದೇ. ಆದರೆ 57ನೇ ಕಲಮಿನಡಿ, ಹಕ್ಕು ಕೈಬದಲಾದ ಮೇಲೂ 'ಇದು ನನ್ನ ಕೃತಿ' ಎಂದು ಹೇಳಿಕೊಳ್ಳುವ ಅಧಿಕಾರ ತೆಗೆದವರಲ್ಲೇ ಉಳಿಯುತ್ತದೆ. ಆದ್ದರಿಂದ ಹೆಸರನ್ನು ಮೂಲೆಯಿಂದ ತೆಗೆದರೂ ಒಳಪುಟದಲ್ಲಿ ಸ್ಪಷ್ಟವಾಗಿ ಅಚ್ಚು ಹಾಕಲೇಬೇಕು, ಅದಕ್ಕೂ ಅವರ ಲಿಖಿತ ಒಪ್ಪಿಗೆ ಪಡೆಯಬೇಕು ಎಂಬುದು ನನ್ನ ನಿಲುವು.

ನನಗೆ ಹೆಚ್ಚು ಕಳವಳ ತಂದಿರುವುದು ಇನ್ನೊಂದು ಚಿತ್ರ. ಊರ ಕೆರೆಯ ಆ ಚಿತ್ರವನ್ನು ಯಾರೋ ಅಂತರಜಾಲದಿಂದ ಇಳಿಸಿ ಕೊಟ್ಟಿದ್ದಾರೆ; ನಡುವೆಯೇ ನೀರುಗುರುತಿದೆ, ಅದನ್ನು ಅಳಿಸಿ ಕೊಡಿ ಎಂದು ಕೇಳುತ್ತಿದ್ದಾರೆ. ಇಲ್ಲಿ ನಮಗೆ ಯಾವ ಹಕ್ಕೂ ಇಲ್ಲ. 2012ರಲ್ಲಿ ಸೇರಿಸಿದ 65ಬಿ ಕಲಮಿನ ಪ್ರಕಾರ, ಕೃತಿಯ ಹಕ್ಕುದಾರರನ್ನು ಗುರುತಿಸುವ ಮಾಹಿತಿಯನ್ನು ಅನುಮತಿಯಿಲ್ಲದೆ, ತಿಳಿದೂ ತಿಳಿದೂ ತೆಗೆದರೆ ಎರಡು ವರ್ಷದವರೆಗೆ ಸೆರೆವಾಸ ಮತ್ತು ದಂಡ ಆಗಬಹುದು. ನಾನು ಖಂಡಿತ ಅಳಿಸುವುದಿಲ್ಲ.

ಬಲ್ಲವರು ದಯವಿಟ್ಟು ತಿಳಿಸಿ: ಸಮಿತಿ ಹೇಳಿದ್ದಕ್ಕೆ ವಿನ್ಯಾಸಕರು ಅಳಿಸಿದರೆ ಹೊಣೆ ಯಾರ ಮೇಲೆ ಬರುತ್ತದೆ? ಛಾಯಾಗ್ರಾಹಕರಿಂದ ಪಡೆಯುವ ಒಪ್ಪಿಗೆ ಪತ್ರದ ಮಾದರಿ ಯಾರಲ್ಲಾದರೂ ಇದೆಯೇ?