ಸಹಾಯ ಬೇಕು: ಫೋನ್ ಸ್ಟ್ಯಾಂಡಿನ ಕೀಲು ಜಾರುತ್ತಿದೆ

ನಮಸ್ಕಾರ, ತೀರ್ಥಹಳ್ಳಿ ಕಡೆಯವನು ನಾನು. ಅಪ್ಪ ಊಟ ಮಾಡುತ್ತಾ ಯಕ್ಷಗಾನ ನೋಡಲಿ ಅಂತ ಕೋನ ಬದಲಿಸಬಹುದಾದ ಫೋನ್ ಸ್ಟ್ಯಾಂಡನ್ನು ಫ್ರೀಕ್ಯಾಡ್‌ನಲ್ಲಿ ಬಿಡಿಸಿ 3ಡಿ ಪ್ರಿಂಟ್ ಮಾಡಿದ್ದೇನೆ.

ಕವರ್ ಸಮೇತ ಫೋನಿನ ದಪ್ಪ ವರ್ನಿಯರ್‌ನಲ್ಲಿ 12.4 ಮಿ.ಮೀ. ಬಂತು. ಫೋನ್ ಕೂರುವ ತೋಡನ್ನು 13 ಇಟ್ಟೆ, ಸರಿಯಾಗಿ ಕೂತಿತು. ತೊಂದರೆ ಇರುವುದು ಕೀಲಿನಲ್ಲಿ. 4 ಮಿ.ಮೀ. ಬೋಲ್ಟಿಗೆ 4.2ರ ತೂತು ಕೊಟ್ಟಿದ್ದೆ, ಪ್ರಿಂಟಾದಾಗ 3.9 ಆಯಿತು. ಡ್ರಿಲ್ ಹಾಕಿ ಸರಿಮಾಡಿಕೊಂಡೆ, ಅದು ಬಿಡಿ. ಆದರೆ ನಟ್ ಎಷ್ಟು ಬಿಗಿದರೂ ಫೋನ್ ಇಟ್ಟ ಸ್ವಲ್ಪ ಹೊತ್ತಿಗೆ ತೋಳು ಮೆಲ್ಲಗೆ ಕೆಳಗೆ ಜಾರುತ್ತದೆ. ಪಿಎಲ್ಎ ಮೇಲ್ಮೈ ನುಣುಪು, ಅಲ್ವಾ? ಇನ್ನೂ ಬಿಗಿದರೆ ಕೀಲಿನ ಕಿವಿ ಸೀಳುತ್ತದೆ.

ಅದಕ್ಕೆ ಕೀಲಿನ ಎರಡು ಮುಖಕ್ಕೂ 24 ಹಲ್ಲು ಕೊಡೋಣ ಅಂದುಕೊಂಡೆ, ಒಂದು ಹಲ್ಲಿಗೆ 15 ಡಿಗ್ರಿ. ಬಿಲ್ಲೆಯ ವ್ಯಾಸ 20 ಮಿ.ಮೀ., ಅಂಚಿನಲ್ಲಿ ಹಲ್ಲು ಸುಮಾರು 2.6 ಅಗಲ ಬರುತ್ತದೆ. ನಡುವಿನ ಕಡೆ ತೀರಾ ಸಣ್ಣ, ನನ್ನ ನಾಝಲ್ 0.4. ಹಾಗಾಗಿ ಒಳಗಿನ 5 ಮಿ.ಮೀ. ತ್ರಿಜ್ಯವನ್ನು ಸಪಾಟು ಬಿಡಲೇ?

ಇನ್ನೊಂದು: ಪದರಗಳು ಸೀಳಬಾರದು ಅಂತ ತೋಳನ್ನು ಮಲಗಿಸಿ ಪ್ರಿಂಟ್ ಮಾಡುತ್ತೇನೆ. ಆಗ ಒಂದು ಬದಿಯ ಹಲ್ಲು ಮೇಲೆ, ಇನ್ನೊಂದು ಬದಿಯದು ಬೆಡ್ಡಿಗೆ. ಕೆಳಗಿನದು ಸಪೋರ್ಟ್ ತಾಗಿ ಒರಟಾಗುತ್ತದೆ. ಹಲ್ಲು ಒಂದೇ ಬದಿಗೆ ಸಾಕಾ? ಹಲ್ಲುಗಳ ನಡುವೆ 0.2 ಸಡಿಲ ಸಾಕಾ? ಮಾಡಿ ನೋಡಿದವರು ಹೇಳಿ. ಎಸ್‌ಟಿಎಲ್ ಫೈಲ್ ಬೇಕಿದ್ದರೆ ಇಲ್ಲೇ ಹಾಕುತ್ತೇನೆ.