ಇಡೀ ಕ್ಲಾಸು ಒಂದೇ ಉತ್ತರ ಹೇಳಿದರೆ ಚರ್ಚೆ ಹೇಗೆ?

ಬಿ.ಎಡ್. ವಿದ್ಯಾರ್ಥಿನಿ, ಮಂಗಳೂರು: ಎಂಟನೇ ಕ್ಲಾಸಿಗೆ ಮನಶ್ಶಾಸ್ತ್ರಜ್ಞ ಕೋಲ್‌ಬರ್ಗ್ ಅವರ ಹೈನ್ಜ್ ಕಥೆ ಹೇಳಿದೆ. ಹೆಂಡತಿಯ ಜೀವ ಉಳಿಸಲು ಔಷಧಿ ಕದಿಯಬಹುದಾ ಅಂತ ಕೇಳಿದೆ. ‘ಕದಿಯೋದು ತಪ್ಪು ಟೀಚರ್’ ಅಂದರು ಎಲ್ಲರೂ. ಐದು ನಿಮಿಷಕ್ಕೆ ಮುಗೀತು. ಸರಿ ತಪ್ಪಿನ ಯೋಚನೆ ಆರು ಹಂತಗಳಲ್ಲಿ ಬೆಳೆಯುತ್ತದೆ ಅಂತಾರಲ್ಲ ಅವರು, ಆ ಹಂತಗಳು ಎಲ್ಲಿ ಕಾಣುತ್ತವೆ?

ಮೇಷ್ಟ್ರು, ಸುರತ್ಕಲ್: ಕಾನೂನಿಗೆ ಬೆಲೆ ಕೊಟ್ಟಿದ್ದಾರೆ, ಅಂದರೆ ನಾಲ್ಕನೇ ಹಂತ. ಬರೀ ನೀತಿಕಥೆ ಸಾಲದು, ಚರ್ಚೆ ಬೇಕು. ಕಾನೂನಿಗಿಂತ ಜೀವದ ಹಕ್ಕು ದೊಡ್ಡದು ಅನ್ನುವ ಐದನೇ ಹಂತದ ಉತ್ತರವನ್ನು ಬೋರ್ಡಿನ ಮೇಲೆ ಬರೆದು ವಿವರಿಸಿ.

ಹೈಸ್ಕೂಲ್ ಟೀಚರ್, ಉಡುಪಿ: ಚರ್ಚೆ ಬೇಕು ಅನ್ನೋದು ಸರಿ ಸರ್, ಉಳಿದದ್ದು ಒಪ್ಪಲಾರೆ. ಹಂತ ಇರುವುದು ಉತ್ತರದಲ್ಲಿ ಅಲ್ಲ, ಕಾರಣದಲ್ಲಿ. ‘ತಪ್ಪು’ ಅಂದವನನ್ನು ‘ಯಾಕೆ?’ ಅಂತ ಕೇಳಿ. ‘ಪೊಲೀಸ್ ಹಿಡೀತಾರೆ’ ಅಂದರೆ ಅದು ಶಿಕ್ಷೆಯ ಭಯ, ಒಂದನೆಯ ಹಂತ.

ಹೈನ್ಜ್ ನಮ್ಮ ಮಕ್ಕಳಿಗೆ ದೂರದವನು. ನಾನು ಹೇಳುವ ಕಥೆ ಬೇರೆ. ರಾತ್ರಿ ಅಮ್ಮನ ಜೊತೆ ಸಿಗಡಿ ಸುಲಿದ ಹುಡುಗಿ, ಓದಲಾಗದೆ ಪರೀಕ್ಷೆಯಲ್ಲಿ ಕಾಪಿ ಹೊಡೆದಳು. ಯಾರಿಗೂ ಹೇಳಲ್ಲ ಅಂತ ನೀನು ಮಾತು ಕೊಟ್ಟಿದ್ದೀ. ಟೀಚರ್ ನಿನ್ನನ್ನೇ ಕೇಳುತ್ತಾರೆ. ಹೇಳ್ತೀಯಾ?

ಮೊದಲು ಚೀಟಿಯಲ್ಲಿ ಉತ್ತರ, ಕಾರಣ ಎರಡನ್ನೂ ಬರೆಸುತ್ತೇನೆ. ಬಾಯಲ್ಲಿ ಕೇಳಿದರೆ ಮೊದಲು ಎದ್ದವನ ಹಿಂದೆ ಎಲ್ಲರೂ ಹೋಗ್ತಾರೆ. ನಿಮ್ಮ ಕ್ಲಾಸಲ್ಲಿ ಆದದ್ದೂ ಅದೇ ಇರಬೇಕು. ಚೀಟಿಯೂ ಒಂದೇ ಕಡೆ ವಾಲಿದರೆ ಕಥೆ ತಿರುಗಿಸುತ್ತೇನೆ: ಅವಳ ಮಾರ್ಕಿನಿಂದ ಇನ್ನೊಬ್ಬಳ ಸ್ಕಾಲರ್‌ಶಿಪ್ ತಪ್ಪುತ್ತದೆ, ಈಗ?

ಆಮೇಲೆ ನಾಲ್ಕೈದು ಜನರ ಗುಂಪು. ಒಂದು ಸಲ ಒಬ್ಬ, ‘ಅವಳು ನಂಗೆ ನೋಟ್ಸ್ ಕೊಡ್ತಾಳೆ, ಅದಕ್ಕೆ ಹೇಳಲ್ಲ’ ಅಂದ. ಎರಡನೆಯ ಹಂತದ ಲೆಕ್ಕ ಅದು. ಎದುರಿನವಳು, ‘ನೋಟ್ಸ್ ಕೊಡದಿದ್ದರೆ ಬಿಟ್ಟುಕೊಡ್ತಿದ್ಯಾ? ನಂಬಿದವಳಲ್ವಾ?’ ಅಂದಳು. ಅವನು ಸುಮ್ನಾದ. ಅವಳ ಮಾತು ಅವನಿಗಿಂತ ಒಂದೇ ಮೆಟ್ಟಿಲು ಮೇಲೆ, ಅದಕ್ಕೇ ತಟ್ಟಿತು. ಐದನೆಯದನ್ನು ಬೋರ್ಡಿನಲ್ಲಿ ಬರೆದಿದ್ದರೆ ಕಾಪಿ ಮಾಡಿಕೊಳ್ಳುತ್ತಿದ್ದ, ಅಷ್ಟೇ.

ಒಂದು ಪೀರಿಯಡ್‌ಗೆ ಏನೂ ಬದಲಾಗಲ್ಲ. ಕೋಲ್‌ಬರ್ಗ್ ಶಿಷ್ಯ ಬ್ಲಾಟ್ ಇಂಥ ಚರ್ಚೆಯನ್ನು ವಾರಗಟ್ಟಲೆ ನಡೆಸಿದ್ದರು. ಆಗಲೂ ಎಲ್ಲ ಮಕ್ಕಳೂ ಮೇಲೇರಲಿಲ್ಲ.

ಒಬ್ಬ ಅಮ್ಮ, ಕದ್ರಿ: ನನ್ನ ಮಗ ಐದನೇ ಕ್ಲಾಸು, ಪರ್ಸಿನಿಂದ ಹತ್ತು ರೂಪಾಯಿ ತೆಗೀತಾನೆ ಮಾರಾಯ್ರೆ. ಒಂದನೇ ಹಂತವಾ?

ಹೈಸ್ಕೂಲ್ ಟೀಚರ್, ಉಡುಪಿ: ತೆಗೆದದ್ದರಿಂದ ಹಂತ ಗೊತ್ತಾಗಲ್ಲ ಅಕ್ಕ. ಚೆನ್ನಾಗಿ ತರ್ಕ ಮಾಡುವವರೂ ತೆಗೀತಾರೆ. ಹತ್ತು ರೂಪಾಯಿ ಯಾತಕ್ಕೆ ಬೇಕಾಯ್ತು ಅಂತ ಮೊದಲು ಕೇಳಿ ನೋಡಿ.

ಸೈಕಾಲಜಿ ಲೆಕ್ಚರರ್, ಮಂಗಳೂರು: ‘ನಂಬಿದವಳು’ ಅನ್ನೋದನ್ನು ಮೂರನೆಯದು ಅಂತ ಕೆಳಗಿಡುವುದಕ್ಕೆ ನನ್ನ ತಕರಾರಿದೆ. ಕೋಲ್‌ಬರ್ಗ್ 1958ರಲ್ಲಿ ಮಾತಾಡಿಸಿದ್ದು ಹುಡುಗರನ್ನು ಮಾತ್ರ. ಸಂಬಂಧ ಉಳಿಸಿಕೊಳ್ಳುವುದೂ ನೀತಿಯೇ ಅಂತ 1982ರಲ್ಲಿ ಮನಶ್ಶಾಸ್ತ್ರಜ್ಞೆ ಗಿಲಿಗನ್ ಎತ್ತಿದ ಪ್ರಶ್ನೆ ಇದೇ. ಆದರೆ ಈ ಹಂತಗಳ ಅಳತೆಯಲ್ಲಿ ಹುಡುಗಿಯರಿಗೆ ನಿಜಕ್ಕೂ ಕಡಿಮೆ ಅಂಕ ಬರುತ್ತದೆ ಅನ್ನೋದು ಆಮೇಲಿನ ಅಧ್ಯಯನಗಳಲ್ಲಿ ಗಟ್ಟಿಯಾಗಿ ನಿಲ್ಲಲಿಲ್ಲ.

ಹೈಸ್ಕೂಲ್ ಟೀಚರ್, ಉಡುಪಿ: ಅದಕ್ಕೇ ನಾನು ಮಕ್ಕಳ ಹೆಸರಿನ ಮುಂದೆ ಹಂತದ ನಂಬರು ಬರೆಯೋದು ಬಿಟ್ಟೆ.

ಬಿ.ಎಡ್. ವಿದ್ಯಾರ್ಥಿನಿ, ಮಂಗಳೂರು: ಸೋಮವಾರ ಸಿಗಡಿ ಕಥೆ ಹೇಳ್ತೇನೆ. ಆದರೆ ನಮ್ಮ ಕ್ಲಾಸಲ್ಲಿ ನಿಜವಾಗಿ ಸಿಗಡಿ ಸುಲಿಯುವ ಹುಡುಗಿ ಇದ್ದಾಳೆ. ಅವಳೆದುರು ಇದೇ ಕಥೆ ಹೇಳಬಹುದಾ, ಮೇಡಂ?