ತಂತಿ ಬಿದ್ದಾಗ ಹಾಕೋ ಮೆಸೇಜು

“ಚಿಕ್ಕಪ್ಪ, ಊರ ಗ್ರೂಪಿಗೆ ಹಾಕೋಕೆ ಹೀಗೆ ಬರ್ದಿದ್ದೀನಿ: ‘ಎಲ್ಲರಿಗೂ ನಮಸ್ಕಾರ. ರಾತ್ರಿಯ ಗಾಳಿಮಳೆಗೆ ಕೆರೆ ಏರಿ ರಸ್ತೆಯಲ್ಲಿ ವಿದ್ಯುತ್ ತಂತಿ ತುಂಡಾಗಿರುವುದು ಗಮನಕ್ಕೆ ಬಂದಿರುತ್ತದೆ. ಸಾರ್ವಜನಿಕರು ಆ ಕಡೆ ಓಡಾಡುವಾಗ ಸೂಕ್ತ ಎಚ್ಚರಿಕೆ ವಹಿಸಿ ಸಹಕರಿಸಬೇಕಾಗಿ ವಿನಂತಿಸಲಾಗಿದೆ.’ ದೊಡ್ಡೋರೆಲ್ಲ ಇದ್ದಾರೆ, ಮರ್ಯಾದೆಯಾಗಿದೆ ತಾನೆ?”

ಮರ್ಯಾದೆಯಾಗೇನೋ ಇದೆ ಪುಟ್ಟ, ಆದ್ರೆ ಹೀಗೇ ಹಾಕ್ಬೇಡ. ‘ಓಡಾಡುವಾಗ ಎಚ್ಚರಿಕೆ ವಹಿಸಿ’ ಅಂದ್ರೆ ಏನರ್ಥ? ಓಡಾಡಬಹುದು, ಸ್ವಲ್ಪ ನೋಡ್ಕೊಂಡು ಹೋಗಿ ಅಂತ. ನೀನು ತಡೀಬೇಕು ಅಂತಿದ್ದೀಯ, ನಿನ್ನ ವಾಕ್ಯ ದಾರಿ ಬಿಟ್ಟುಕೊಡ್ತಿದೆ. ಮೊದಲು ತೆಗೀಬೇಕಾದ್ದು ಅದೇ. ಆಮೇಲೆ ‘ಸಾರ್ವಜನಿಕರು’. ಅದನ್ನ ಓದಿದ ಪ್ರತಿಯೊಬ್ಬರೂ ಇದು ಬೇರೆಯವ್ರಿಗೆ ಹೇಳಿದ್ದು ಅಂದ್ಕೊತಾರೆ. ‘ವಿನಂತಿಸಲಾಗಿದೆ’ ಅನ್ನೋದ್ರಲ್ಲಿ ಹೇಳಿದೋನೂ ಇಲ್ಲ, ಕೇಳಬೇಕಾದೋನೂ ಇಲ್ಲ.

‘ಹೋಗಬೇಡಿ’ ಅಂತ ಬರಿ. ಅದು ಬಹುವಚನ, ಹಿರಿಯರಿಗೆ ಬೇಕಾದ ಗೌರವ ಅದರಲ್ಲೇ ಇದೆ. ‘ಹೋಗಬೇಡ’ ಅಂದ್ರೆ ಮಾತ್ರ ತಪ್ಪಾಗುತ್ತೆ. ‘ಹೋಗಬಾರದು’ ಕೂಡ ಬೇಡ, ಅದು ಗೋಡೆ ಮೇಲಿನ ಬೋರ್ಡ್ ಥರ ಕೇಳುತ್ತೆ.

ಇನ್ನೊಂದು, ನಮ್ಮ ಮಾತಲ್ಲಿ ಬೇಡ ಅನ್ನೋದು ವಾಕ್ಯದ ಕೊನೇಲಿ ಬರುತ್ತೆ. ‘ರಾತ್ರಿ ಮಳೆಗೆ ತಂತಿ ಬಿದ್ದಿರೋದ್ರಿಂದ ಕೆರೆ ಏರಿ ಮೇಲೆ ದನ ಹೊಡ್ಕೊಂಡು’ ಅಂತ ಎಳೆದ್ರೆ, ಫೋನಿನ ಮೇಲ್ಗಡೆ ಕಾಣೋ ಎರಡು ಸಾಲಲ್ಲಿ ‘ಹೋಗಬೇಡಿ’ ಬರೋದೇ ಇಲ್ಲ. ನಮಸ್ಕಾರ ಹಾಕಿದ್ರೆ ಅದೂ ಅಷ್ಟು ಜಾಗ ತಿನ್ನುತ್ತೆ. ಹಾಗಾಗಿ ವಾಕ್ಯ ಮುರಿ. ಏನಾಗಿದೆ, ಎಲ್ಲಿ, ಏನು ಮಾಡಬೇಡಿ, ಈ ಮೂರೂ ಮೊದಲು. ಕಾರಣ ಆಮೇಲೆ, ಅದೂ ಒಂದೇ.

ಯಾವ ಕಾರಣ ಅಂದ್ರೆ, ಜನ ತಮಗೆ ತಾವೇ ಹೇಳ್ಕೊಳ್ಳೋ ಸಮಾಧಾನಕ್ಕೆ ಉತ್ತರ ಆಗೋ ಅಂಥದ್ದು. ಈಗ ಎಲ್ಲರ ಮನೇಲೂ ಕರೆಂಟ್ ಹೋಗಿದೆ, ತಂತಿಲೂ ಇರಲ್ಲ ಅಂತಾನೇ ಅಂದ್ಕೊತಾರೆ. ಸಬ್‌ಸ್ಟೇಷನ್‌ನಿಂದ ಲೈನ್ ಮತ್ತೆ ಚಾರ್ಜ್ ಆಗಬಹುದು, ಯಾರದ್ದಾದ್ರೂ ಮನೆ ಜನರೇಟರಿಂದ ಹಿಂದಕ್ಕೆ ಹರೀಬಹುದು. ಇಷ್ಟು ವಿವರ ಮೆಸೇಜಲ್ಲಿ ಬೇಡ, ಒಂದು ಸಾಲು ಸಾಕು. ನೋಡು, ಹೀಗೆ ಹಾಕು:

‘ಕರೆಂಟ್ ತಂತಿ ಕಡಿದು ಬಿದ್ದಿದೆ. ಕೆರೆ ಏರಿ ರಸ್ತೆ, ಮಾರಮ್ಮನ ಗುಡಿ ಹತ್ತಿರ.
ಆ ರಸ್ತೆಗೆ ಯಾರೂ ಹೋಗಬೇಡಿ. ಮಕ್ಕಳನ್ನು ಕಳಿಸಬೇಡಿ. ದನ ಬಿಡಬೇಡಿ.
ತಂತಿ, ತಂತಿಬೇಲಿ, ನಿಂತ ನೀರು ಮುಟ್ಟಬೇಡಿ. ಕೋಲಿನಿಂದಲೂ ಸರಿಸಬೇಡಿ.
ಮನೆಯಲ್ಲಿ ಕರೆಂಟ್ ಇಲ್ಲದಿದ್ದರೂ ತಂತಿಯಲ್ಲಿ ಇರಬಹುದು.
ಶಾಲೆಗೆ, ಡೇರಿಗೆ ಬಸ್ ಸ್ಟಾಪ್ ದಾರಿಯಲ್ಲಿ ಹೋಗಿ.
ವಿದ್ಯುತ್ ಸಹಾಯವಾಣಿ 1912ಕ್ಕೆ ತಿಳಿಸಿದ್ದೇವೆ. ಲೈನ್‌ಮನ್ ಸರಿಮಾಡಿದ ಮೇಲೆ ಇಲ್ಲೇ ಹೇಳುತ್ತೇವೆ. ಅಲ್ಲಿವರೆಗೂ ಹೋಗಬೇಡಿ.’

ಕೊನೇಲಿ ಇವತ್ತಿನ ತಾರೀಖು, ಟೈಮು, ನಿನ್ನ ಹೆಸರು ಹಾಕು. ಇದು ಬೇರೆ ಗ್ರೂಪಿಗೂ ಫಾರ್ವರ್ಡ್ ಆಗುತ್ತೆ. ಟೈಮಿಲ್ಲದಿದ್ರೆ ಮುಂದಿನ ವಾರವೂ ಸುತ್ತುತ್ತಿರುತ್ತೆ. ಮೊದಲು 1912ಕ್ಕೆ ಫೋನ್ ಮಾಡು, ಆಮೇಲೆ ‘ತಿಳಿಸಿದ್ದೇವೆ’ ಅಂತ ಬರಿ. ಕಂಬದ ಮೇಲಿನ ನಂಬರ್ ದೂರದಿಂದ್ಲೇ ಕಂಡ್ರೆ ಅವರಿಗೆ ಹೇಳು. ಓದೋಕೆ ಅಂತ ಹತ್ತಿರ ಹೋಗ್ಬೇಡ.

ಕೋಲಿನ ಸಾಲು ಉದ್ದ ಆಯ್ತು ಅಂತ ತೆಗೀಬೇಡ. ಒಣಗಿದ ಕೋಲಲ್ಲಿ ಸರಿಸ್ತೀನಿ ಅಂತ ಒಬ್ಬ ಹೊರಟೇ ಹೊರಡ್ತಾನೆ. ಮಳೇಲಿ ನೆನೆದ ಕೋಲು ಕರೆಂಟ್ ಹರಿಸುತ್ತೆ. ದನದ ಸಾಲೂ ಇರ್ಲಿ. ಬಿದ್ದ ತಂತಿಯಿಂದ ಕರೆಂಟ್ ನೆಲದಲ್ಲೇ ಹರಡುತ್ತೆ, ದೂರ ಹೋದಷ್ಟೂ ಕಮ್ಮಿ ಆಗುತ್ತೆ. ಒಂದು ಕಾಲಿಗೂ ಇನ್ನೊಂದು ಕಾಲಿಗೂ ನಡುವೆ ಆ ವ್ಯತ್ಯಾಸ ಇದ್ರೆ ಮೈಯೊಳಗೆ ಹರಿಯುತ್ತೆ. ದನದ ಮುಂಗಾಲಿಗೂ ಹಿಂಗಾಲಿಗೂ ಅಂತರ ಜಾಸ್ತಿ, ಅದಕ್ಕೇ ತಂತಿ ಮುಟ್ಟದೇ ಇದ್ರೂ ಸಾಯುತ್ತೆ. ರಸ್ತೆಗೇ ಬರ್ಬೇಡಿ ಅನ್ನೋದು ಇದಕ್ಕೇ. ಕಾವಲು ನಿಲ್ಲೋರಿಗೆ ಮಾತ್ರ ಬೇರೆ ಹೇಳು, ಕನಿಷ್ಠ ಹತ್ತು ಮೀಟರ್ ದೂರ, ನೀರು ನಿಂತಿದ್ರೆ ಇನ್ನೂ ಹಿಂದೆ. ಹತ್ತಿರ ಸಿಕ್ಕಿಹಾಕ್ಕೊಂಡೋರು ಓಡಬಾರದು, ಎರಡೂ ಪಾದ ಜೋಡಿಸಿ, ನೆಲದಿಂದ ಎತ್ತದೆ ಒಂದೊಂದಿಂಚು ಸರೀತಾ ಬರ್ಬೇಕು. ಇದನ್ನ ಮೆಸೇಜಿಗೆ ಸೇರಿಸ್ಬೇಡ, ಹೋಗಿ ಬರೋ ಉಪಾಯ ಸಿಕ್ತು ಅಂದ್ಕೊಳ್ಳೋರಿದ್ದಾರೆ.

ನೇರ ಅಂದ್ರೆ ಹೆದರಿಸೋದಲ್ಲ. ‘ಹೋದ್ರೆ ಸಾಯ್ತೀರಾ’ ಬೇಡ, ಇಪ್ಪತ್ತು ಕೆಂಪು ಚಿಹ್ನೆಯೂ ಬೇಡ, ಗೊತ್ತಿಲ್ಲದೆ ‘11 ಕೆವಿ’ ಅಂತ ಬರಿಯೋದೂ ಬೇಡ. ಒಂದು ಮಾತು ಸುಳ್ಳಾದ್ರೆ ಉಳಿದದ್ದನ್ನೂ ನಂಬಲ್ಲ.

ಹಾಕಿದ ಮೇಲೆ ಯಾರಾದ್ರೂ ಗುಡ್ ಮಾರ್ನಿಂಗ್ ಕಳ್ಸಿ ಇದನ್ನ ಮೇಲಕ್ಕೆ ತಳ್ತಾರೆ. ಅಡ್ಮಿನ್‌ಗೆ ಹೇಳಿ ಪಿನ್ ಮಾಡಿಸು. ವಾಟ್ಸಾಪ್ ನೋಡದ ಅಜ್ಜಂದಿರಿಗೆ, ಮುಂಜಾನೆ ಹಾಲು ಹಾಕೋಕೆ ಹೋಗೋರಿಗೆ ಫೋನೇ ಮಾಡ್ಬೇಕು. ಮಾತು ಇದೇ, ಮೊದಲು ‘ಏರಿ ಕಡೆ ಹೋಗಬೇಡಿ’, ಕ್ಷೇಮ ಸಮಾಚಾರ ಆಮೇಲೆ.